ಹೊಸ ಆ್ಯಪ್ ಬಂತು, ಈಗಲೇ ಸೇರಬೇಕಾ, ಕಾಯಬೇಕಾ? 7 ಗಂಟೆಯಲ್ಲಿ ಪರೀಕ್ಷೆ ಮಾಡುವುದು ಹೀಗೆ

ಶ್ರೀನಿವಾಸಪುರದ ನನ್ನ ಡಿಟಿಪಿ ಅಂಗಡಿಯ ಅಟ್ಟದ ಮೇಲೆ ಇನ್ನೂ ಒಂದು ಕಟ್ಟು ಸ್ಟಿಕ್ಕರ್ ಇದೆ. ಮಾವಿನ ಬಾಕ್ಸಿಗೆ ಅಂಟಿಸಲು ಮಾಡಿಸಿದ್ದು. ಹಳದಿ ಬಣ್ಣ, ಮಧ್ಯದಲ್ಲಿ ಒಂದು ಬಾದಾಮಿ ಹಣ್ಣು, ಕೆಳಗೆ ಹೊಸ ಸೋಷಿಯಲ್ ಮೀಡಿಯಾ ಆ್ಯಪೊಂದರ ಖಾತೆಯ ಹೆಸರು. ಫೋನ್ ನಂಬರ್ ಇಲ್ಲ. 'ಇನ್ಮೇಲೆ ಎಲ್ರೂ ಅಲ್ಲೇ ಇರ್ತಾರೆ' ಎಂದು ತೋಟದವರು ಒಂದೇ ಸಲಕ್ಕೆ 1000 ಹಾಕಿಸಿದ್ದರು. ಮುಂದಿನ ಸೀಸನ್ ಬರುವಷ್ಟರಲ್ಲಿ ಆ ಆ್ಯಪೇ ಇರಲಿಲ್ಲ. ಉಳಿದ ಸ್ಟಿಕ್ಕರ್ ತೆಗೆದುಕೊಂಡು ಹೋಗಲು ಅವರು ಬರಲೇ ಇಲ್ಲ.

ಇಂಥದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೊಸ ಆ್ಯಪ್ ಬಂದ ವಾರ ಎಲ್ಲರಿಗೂ ಆತುರ. ಬೇಗ ಸೇರಿದರೆ ಲಾಭವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಬರೆಯುವವರು ಕಡಿಮೆ ಇರುವಾಗ ಹೊಸಬರ ಪೋಸ್ಟ್ ಜಾಸ್ತಿ ಜನರ ಕಣ್ಣಿಗೆ ಬೀಳುತ್ತದೆ. ಆದರೆ ಮೊದಲ ವಾರದ ಗದ್ದಲ ನೋಡಿ ಏನನ್ನೂ ತೀರ್ಮಾನಿಸಬಾರದು. 2020ರಲ್ಲಿ ಬೆಂಗಳೂರಿನಿಂದಲೇ ಶುರುವಾದ 'ಕೂ' ಕನ್ನಡದಲ್ಲಿ ಬರೆಯುವವರಿಗೆ ಒಳ್ಳೆಯ ಜಾಗವಾಗಿತ್ತು, 2024ರ ಜುಲೈನಲ್ಲಿ ಮುಚ್ಚಿತು. ಇನ್‌ಸ್ಟಾಗ್ರಾಂನವರ 'ಥ್ರೆಡ್ಸ್' 2023ರ ಜುಲೈನಲ್ಲಿ ಐದೇ ದಿನಕ್ಕೆ 10 ಕೋಟಿ ಖಾತೆ ದಾಟಿತು. ಕೆಲವೇ ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅತ್ತ ಬರುವುದನ್ನು ನಿಲ್ಲಿಸಿದ್ದರು. ಮುಗಿಯಿತು ಎಂದುಕೊಂಡವರೂ ತಪ್ಪಿದರು, ಅದು ಮತ್ತೆ ಬೆಳೆಯಿತು. ಅದಕ್ಕೇ ನಾವೇ ಪರೀಕ್ಷೆ ಮಾಡಿ ನೋಡಬೇಕು.

ದಿನಕ್ಕೆ 20 ನಿಮಿಷ, 21 ದಿನ. ಒಟ್ಟು 7 ಗಂಟೆ. ಅದಕ್ಕಿಂತ ಒಂದು ನಿಮಿಷವೂ ಜಾಸ್ತಿ ಕೊಡಬೇಡಿ. ನಮ್ಮ ಅತ್ತಿಗೆ ಮಾಡಿದ ಪರೀಕ್ಷೆಯನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಅವರು ತೋಟದ ಬಾದಾಮಿ, ಮಲ್ಲಿಕಾ ಹಣ್ಣನ್ನು 5 ಕೆಜಿ ಬಾಕ್ಸ್ ಮಾಡಿ ಬೆಂಗಳೂರಿನ ಮನೆಗಳಿಗೆ ಕಳಿಸುತ್ತಾರೆ. ಏಪ್ರಿಲ್‌ನಲ್ಲಿ ಬುಕಿಂಗ್ ಶುರು.

ಮೊದಲ ದಿನ: ಹೆಸರು ಹಿಡಿಯಿರಿ, ಬಾಗಿಲು ನೋಡಿಕೊಳ್ಳಿ

ಕಾಯುವುದೇ ಸರಿ ಎಂದು ಮೊದಲೇ ಅನಿಸಿದ್ದರೂ ತೋಟದ ಅಥವಾ ಅಂಗಡಿಯ ಹೆಸರಿನಲ್ಲಿ ಖಾತೆ ಮಾತ್ರ ಅವತ್ತೇ ತೆರೆಯಿರಿ. ಐದು ನಿಮಿಷದ ಕೆಲಸ. ಆಮೇಲೆ ಬೇರೆಯವರು ಆ ಹೆಸರು ತೆಗೆದುಕೊಂಡರೆ ವಾಪಸ್ ಪಡೆಯುವುದು ಕಷ್ಟ. ವ್ಯಾಪಾರಕ್ಕೆ ಒಂದು ಬೇರೆ ಇಮೇಲ್ ಇಟ್ಟುಕೊಂಡು ಅದರಲ್ಲೇ ಮಾಡಿ.

ಆ್ಯಪನ್ನು ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲನ್ನು ಯಾರೇ ಕಳಿಸಿರಲಿ, ಮುಟ್ಟಬೇಡಿ. ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೇಳಿದರೆ ಬೇಡ ಎನ್ನಿ. ನಿಮ್ಮ ಗ್ರಾಹಕರ ನಂಬರುಗಳು ನಿಮ್ಮನ್ನು ನಂಬಿ ಕೊಟ್ಟವು, ಅಲ್ವಾ?

ಇನ್ನೊಂದು ಕೆಲಸವನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಒಂದು ಪೋಸ್ಟ್ ಹಾಕುವ ಮೊದಲೇ ಖಾತೆ ಅಳಿಸುವ ಆಯ್ಕೆ ಎಲ್ಲಿದೆ ಎಂದು ಹುಡುಕಿ ನೋಡಿ. ಪ್ಲೇ ಸ್ಟೋರ್ ಪುಟದ ಡೇಟಾ ಸೇಫ್ಟಿ ಭಾಗದಲ್ಲಿ ಇದರ ಮಾಹಿತಿ ಸಿಗುತ್ತದೆ. ಥ್ರೆಡ್ಸ್ ಬಂದ ಹೊಸದರಲ್ಲಿ ಆ ಖಾತೆ ಅಳಿಸಬೇಕಾದರೆ ಇನ್‌ಸ್ಟಾಗ್ರಾಂ ಖಾತೆಯನ್ನೂ ಅಳಿಸಬೇಕಿತ್ತು. 2023ರ ನವೆಂಬರ್‌ನಲ್ಲಿ ಅದನ್ನು ಬದಲಾಯಿಸಿದರು. ಒಳಗೆ ಹೋಗುವ ಮೊದಲೇ ಹೊರಗೆ ಬರುವ ಬಾಗಿಲು ಗೊತ್ತಿರಬೇಕು.

ಕನ್ನಡ ನಡೆಯುತ್ತದಾ?

ಎರಡು ನಿಮಿಷ ಸಾಕು. ಒಂದು ಪೋಸ್ಟಿನಲ್ಲಿ #ಮಾವಿನಹಣ್ಣು ಎಂದು ಬರೆದು ಹಾಕಿ. ಪೂರ್ತಿ ಪದ ನೀಲಿಯಾಗಿ, ಒತ್ತಿದರೆ ತೆರೆಯುವಂತಿದ್ದರೆ ಸರಿ. ಬರೀ 'ಮ' ಮಾತ್ರ ನೀಲಿಯಾಗಿ ಉಳಿದದ್ದು ಕಪ್ಪಾಗಿಯೇ ಇದ್ದರೆ, ಆ್ಯಪ್ ಮಾಡಿದವರು ದೀರ್ಘ, ಕೊಂಬು, ಗುಡಿಸುಗಳನ್ನು ಅಕ್ಷರವೆಂದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂದರ್ಥ. ಆಮೇಲೆ ಹುಡುಕುವ ಜಾಗದಲ್ಲಿ ಅದೇ ಪದ ಬರೆದು, ನಿಮ್ಮ ಪೋಸ್ಟ್ ನಿಮಗಾದರೂ ಸಿಗುತ್ತದಾ ನೋಡಿ. ಸಿಗದಿದ್ದರೆ ಕನ್ನಡದಲ್ಲಿ ಬರೆಯುವವರು ಅಲ್ಲಿ ಸದ್ಯಕ್ಕೆ ಸಮಯ ಹಾಕುವುದು ಬೇಡ.

20 ಜನರ ಪಟ್ಟಿ

ಜನ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಎಲ್ಲರೂ ನೋಡುವುದು ಫಾಲೋವರ್ ಸಂಖ್ಯೆಯನ್ನು. ಅದು ಹೆಚ್ಚುಕಡಿಮೆ ಮೇಲಕ್ಕೇ ಹೋಗುತ್ತದೆ. ನಿಮ್ಮನ್ನು ಫಾಲೋ ಮಾಡಿ ಆಮೇಲೆ ಆ್ಯಪೇ ತೆಗೆದುಹಾಕಿದವರೂ ಆ ಲೆಕ್ಕದಲ್ಲಿ ಹಾಗೇ ಇರಬಹುದು. 'ಇಷ್ಟು ಕೋಟಿ ಜನ ಸೇರಿದರು' ಎಂದು ಕಂಪನಿ ಹೇಳುವುದೂ ಹಾಗೇ, ಬಂದವರ ಲೆಕ್ಕ. ನಮಗೆ ಬೇಕಾದದ್ದು ಉಳಿದವರ ಲೆಕ್ಕ.

ಮೊದಲ ದಿನವೇ ಒಂದು ನೋಟ್‌ಬುಕ್ ತೆಗೆದುಕೊಂಡು ಆ ಆ್ಯಪಿನಲ್ಲಿ ಪೋಸ್ಟ್ ಹಾಕುತ್ತಿರುವ 20 ಸಾಮಾನ್ಯ ಖಾತೆಗಳ ಹೆಸರು ಬರೆಯಿರಿ. ಸಿನಿಮಾದವರು, ರಾಜಕಾರಣಿಗಳು, ಟಿವಿ ಚಾನೆಲ್‌ಗಳು ಬೇಡ. ಅವರನ್ನು ಕರೆಸಿ ಕೂರಿಸಿರಬಹುದು, ಅವರ ಪೋಸ್ಟ್ ಹಾಕಲು ಬೇರೆ ಜನ ಇರುತ್ತಾರೆ. ಸೇರಿದ ತಕ್ಷಣ ಆ್ಯಪೇ 'ಇವರನ್ನು ಫಾಲೋ ಮಾಡಿ' ಎಂದು ತೋರಿಸುವ ಪಟ್ಟಿಯೂ ಬೇಡ. ಚಿಂತಾಮಣಿಯಲ್ಲಿ ಸೀರೆ ಮಾರುವವರು, ಬೆಂಗಳೂರಿನಲ್ಲಿ ಮನೆಯಲ್ಲೇ ಕೇಕ್ ಮಾಡುವವರು, ಶಾಲೆ ಮೇಷ್ಟ್ರು, ಟೆರೇಸಿನಲ್ಲಿ ಗಿಡ ಬೆಳೆಸುವವರು, ಇಂಥವರನ್ನು ನೀವೇ ಹುಡುಕಿ ಬರೆದುಕೊಳ್ಳಿ. ಇವರಿಗೆ ಯಾರೂ ದುಡ್ಡು ಕೊಟ್ಟಿಲ್ಲ. ಚೆನ್ನಾಗಿದ್ದರೆ ಇರುತ್ತಾರೆ, ಇಲ್ಲದಿದ್ದರೆ ಹೋಗುತ್ತಾರೆ.

21ನೇ ದಿನ ಒಂದೊಂದಾಗಿ ತೆರೆದು ನೋಡಿ. ಕಳೆದ 7 ದಿನದಲ್ಲಿ ಏನಾದರೂ ಬರೆದಿದ್ದರೆ, ಯಾರಿಗಾದರೂ ಉತ್ತರ ಕೊಟ್ಟಿದ್ದರೆ ಒಂದು ರೈಟ್ ಹಾಕಿ. ಮಧ್ಯೆ ಪಟ್ಟಿ ಬದಲಾಯಿಸಬಾರದು. ನಿಂತುಹೋದವರನ್ನು ತೆಗೆದು ಚುರುಕಾಗಿರುವವರನ್ನು ಸೇರಿಸಿದರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು. ನನ್ನ ಲೆಕ್ಕ ಹೀಗಿದೆ: 12ಕ್ಕಿಂತ ಹೆಚ್ಚು ಜನ ಉಳಿದಿದ್ದರೆ ಆ ಜಾಗದಲ್ಲಿ ಜೀವ ಇದೆ. 6ರಿಂದ 12 ಇದ್ದರೆ ಕಾಯಬೇಕು. 5 ಅಥವಾ ಅದಕ್ಕಿಂತ ಕಡಿಮೆಯಾದರೆ ಬಿಡಬೇಕು.

ಆದರೆ ಈ 20 ಜನ ಬರೆಯುವವರು. ಕೊಳ್ಳುವವರಲ್ಲಿ ಹೆಚ್ಚಿನವರು ಏನೂ ಬರೆಯುವುದಿಲ್ಲ, ಸುಮ್ನೆ ನೋಡಿಕೊಂಡು ಹೋಗುತ್ತಾರೆ. ಅವರು ಅಲ್ಲಿದ್ದಾರಾ ಎಂದು ತಿಳಿಯಲು 10 ಜನ ಹಳೆಯ ಗ್ರಾಹಕರನ್ನೇ ಕೇಳಬೇಕು. ಕೇಳುವ ರೀತಿ ಮುಖ್ಯ. 'ಹೊಸ ಆ್ಯಪಿಗೆ ಬರ್ತೀರಾ?' ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ, ನಿಮ್ಮ ಮನಸ್ಸಿಗೆ ಬೇಜಾರಾಗಬಾರದು ಎಂದು ಹೂಂ ಅನ್ನುತ್ತಾರೆ. 'ನಿನ್ನೆ ಅದನ್ನ ತೆಗೆದಿದ್ರಾ?' ಎಂದು ಕೇಳಿ. ನಿನ್ನೆಯ ವಿಷಯಕ್ಕೆ ಸರಿಯಾದ ಉತ್ತರ ಬರುತ್ತದೆ.

ಅತ್ತಿಗೆಯ ಪಟ್ಟಿಯಲ್ಲಿ 21ನೇ ದಿನ ಉಳಿದಿದ್ದವರು 7. ಹತ್ತು ಗ್ರಾಹಕರಲ್ಲಿ ಆ್ಯಪ್ ಹಾಕಿಕೊಂಡಿದ್ದವರು 3, ಹಿಂದಿನ ದಿನ ತೆಗೆದು ನೋಡಿದ್ದವರು ಒಬ್ಬರೇ.

ಆರ್ಡರ್ ಎಲ್ಲಿಂದ ಬಂತು?

ಪರೀಕ್ಷೆಗೆಂದು ಹೊಸ ವಿಡಿಯೊ ಮಾಡಬೇಡಿ. ಇನ್‌ಸ್ಟಾಗ್ರಾಂಗೆ ಹಾಕಿದ ಫೋಟೊ, ಅದೇ ಮಾತು ಇಲ್ಲಿಗೂ ಹಾಕಿ. ವಾರಕ್ಕೆ ಮೂರು ಸಾಕು. ಉಳಿದ ಸಮಯ ಬೇರೆಯವರ ಪೋಸ್ಟಿಗೆ ಉತ್ತರ ಬರೆಯಿರಿ, ಹೊಸ ಜಾಗದಲ್ಲಿ ಪರಿಚಯ ಬೆಳೆಯುವುದು ಹಾಗೆಯೇ.

ವಾಟ್ಸ್ಆ್ಯಪ್‌ಗೆ ಹೋಗುವ ಲಿಂಕನ್ನು ಮಾತ್ರ ಒಂದೊಂದು ಕಡೆ ಬೇರೆ ಬೇರೆ ಕೊಡಬೇಕು. ಹೀಗೆ:

```
https://wa.me/91XXXXXXXXXX?text=MAVU-N
https://wa.me/91XXXXXXXXXX?text=MAVU-I
```

X ಇರುವ ಕಡೆ ನಿಮ್ಮ 10 ಅಂಕಿಯ ನಂಬರ್. 91ರ ಮುಂದೆ ಪ್ಲಸ್ ಗುರುತು ಬೇಡ, ನಂಬರಿನ ಮುಂದೆ ಸೊನ್ನೆ ಬೇಡ, ಮಧ್ಯೆ ಜಾಗ ಬಿಡಬೇಡಿ. ಮೊದಲನೆಯದು ಹೊಸ ಆ್ಯಪಿಗೆ, ಎರಡನೆಯದು ಇನ್‌ಸ್ಟಾಗ್ರಾಂಗೆ. ಒತ್ತಿದರೆ ವಾಟ್ಸ್ಆ್ಯಪ್ ತೆರೆದು ಆ ಪದ ತಾನೇ ಟೈಪ್ ಆಗಿರುತ್ತದೆ, ಗ್ರಾಹಕರು ಕಳಿಸಿದರೆ ಸಾಕು. ಯಾವ ಪದದೊಂದಿಗೆ ಬಂದರೋ ಅಲ್ಲಿಂದ ಬಂದವರು. ಕೆಲವರು ಅದನ್ನು ಅಳಿಸಿ 'ಹಾಯ್' ಎಂದು ಹಾಕುತ್ತಾರೆ. ಅವರಿಗೆ 'ಎಲ್ಲಿ ನೋಡಿದ್ರಿ?' ಎಂದು ಕೇಳಿ ಬರೆದುಕೊಳ್ಳಿ. ಇನ್‌ಸ್ಟಾಗ್ರಾಂ ಪೋಸ್ಟಿನ ಬರಹದಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಹಾಗಾಗಿ ಪ್ರೊಫೈಲಿನಲ್ಲಿ ಹಾಕಿ. ಹೊಸ ಆ್ಯಪಿನಲ್ಲೂ ಪ್ರೊಫೈಲಿನಲ್ಲೇ ಹಾಕಿದರೆ ಹೋಲಿಕೆ ಸರಿಯಾಗುತ್ತದೆ.

500 ರೂಪಾಯಿಗೆ ಸಾವಿರ ಫಾಲೋವರ್ ಕೊಡುತ್ತೇವೆ ಎನ್ನುವವರು ಈ ಹೊತ್ತಿಗೆ ಮೆಸೇಜ್ ಮಾಡಲು ಶುರು ಮಾಡಿರುತ್ತಾರೆ. ಕೊಳ್ಳಬೇಡಿ, ಅವರಲ್ಲಿ ಒಬ್ಬರೂ ಮಾವಿನ ಹಣ್ಣು ತಿನ್ನುವುದಿಲ್ಲ. ಎಲ್ಲ ಕಡೆ ಒಟ್ಟಿಗೆ ಪೋಸ್ಟ್ ಹಾಕಿಕೊಡುತ್ತೇವೆಂದು ನಿಮ್ಮ ಪಾಸ್‌ವರ್ಡ್ ಕೇಳುವ ಆ್ಯಪ್‌ಗಳೂ ಬೇಡ. ಕಾಪಿ ಮಾಡಿ ಹಾಕಲು ಒಂದು ನಿಮಿಷ ಸಾಕು.

21 ದಿನಕ್ಕೆ ಅತ್ತಿಗೆಯ ಹೊಸ ಖಾತೆಗೆ 640 ಫಾಲೋವರ್ ಆಗಿದ್ದರು. ಅವರಿಗೆ ತುಂಬ ಖುಷಿಯಾಗಿತ್ತು. ಆದರೆ ನೋಟ್‌ಬುಕ್‌ನಲ್ಲಿ MAVU-N ಎಂದು ಬಂದ ಮೆಸೇಜ್ 9, ಬುಕ್ ಆದದ್ದು 2 ಬಾಕ್ಸ್. ಅದೇ ದಿನಗಳಲ್ಲಿ MAVU-Iನಿಂದ 6 ಬಾಕ್ಸ್. ಖರ್ಚೆಲ್ಲ ಕಳೆದು ಬಾಕ್ಸಿಗೆ 200 ರೂಪಾಯಿ ಉಳಿಯುತ್ತದೆ, ಅಂದರೆ ಹೊಸ ಆ್ಯಪಿನಿಂದ ಸಿಕ್ಕಿದ್ದು 400. ಅವರ ಒಂದು ಗಂಟೆಗೆ 150 ರೂಪಾಯಿ ಹಿಡಿದರೂ 7 ಗಂಟೆಗೆ 1050 ಆಯಿತು.

ಬರೀ ಆರ್ಡರ್ ನೋಡಿ ತೀರ್ಮಾನಿಸಬೇಡಿ, ಮೊದಲ ವಾರ ಮತ್ತು ಮೂರನೇ ವಾರವನ್ನು ಹೋಲಿಸಿ. ಹೊಸ ಆ್ಯಪ್‌ಗಳು ಹೊಸಬರ ಪೋಸ್ಟನ್ನು ಶುರುವಿನಲ್ಲಿ ತಾವೇ ಜಾಸ್ತಿ ಜನರಿಗೆ ತೋರಿಸಬಹುದು. ಮೂರನೇ ವಾರದಲ್ಲೂ ಗೊತ್ತಿಲ್ಲದವರು ಬಂದು ಪ್ರಶ್ನೆ ಕೇಳುತ್ತಿದ್ದರೆ, 'ಮಲ್ಲಿಕಾ ಯಾವಾಗ ಬರುತ್ತೆ?' ಎನ್ನುತ್ತಿದ್ದರೆ, ಆರ್ಡರ್ ಕಡಿಮೆ ಇದ್ದರೂ ಇನ್ನೊಂದು 21 ದಿನ ಕೊಡಬಹುದು. ಅತ್ತಿಗೆಗೆ ಬಂದ 9 ಮೆಸೇಜಿನಲ್ಲಿ 7 ಮೊದಲ ವಾರದವು. ಮೂರನೇ ವಾರ ಒಂದೂ ಇಲ್ಲ.

ತೀರ್ಮಾನ ಆದ ಮೇಲೆ

ಅತ್ತಿಗೆ ಕಾಯುತ್ತಿದ್ದಾರೆ. ಖಾತೆ ಅಳಿಸಿಲ್ಲ, ಪ್ರೊಫೈಲಿನಲ್ಲಿ ವಾಟ್ಸ್ಆ್ಯಪ್ ಲಿಂಕ್ ಇದೆ, 'ಆರ್ಡರ್‌ಗೆ ಇಲ್ಲಿ ಒತ್ತಿ' ಎಂಬ ಒಂದು ಪೋಸ್ಟನ್ನು ಎಲ್ಲಕ್ಕಿಂತ ಮೇಲೆ ಕಾಣುವಂತೆ ಪಿನ್ ಮಾಡಿದ್ದಾರೆ. ಮುಂದಿನ ಮಾರ್ಚ್ 1ಕ್ಕೆ ಫೋನಿನಲ್ಲಿ ರಿಮೈಂಡರ್ ಹಾಕಿದ್ದೇವೆ. ಅವತ್ತು ಅದೇ 20 ಜನರ ಪಟ್ಟಿ ಮತ್ತೆ ತೆಗೆಯುತ್ತೇವೆ.

ಸೇರುವುದೇ ಸರಿ ಎಂದು ಬಂದರೂ ಗ್ರಾಹಕರ ನಂಬರುಗಳನ್ನು ಅವರ ಒಪ್ಪಿಗೆ ಕೇಳಿ ನಿಮ್ಮ ಪುಸ್ತಕದಲ್ಲೂ ಬರೆದಿಡಿ. 2020ರ ಜೂನ್ 29ರಂದು ಸರ್ಕಾರ 59 ಆ್ಯಪ್ ನಿಷೇಧಿಸಿದಾಗ ಟಿಕ್‌ಟಾಕ್‌ನಲ್ಲಿ ಲಕ್ಷಗಟ್ಟಲೆ ಫಾಲೋವರ್ ಇದ್ದವರಿಗೂ ಅವರಲ್ಲಿ ಒಬ್ಬರನ್ನಾದರೂ ಕರೆದು ಮಾತಾಡಿಸಲು ನಂಬರ್ ಇರಲಿಲ್ಲ. ಅತ್ತಿಗೆಯ ಈ ವರ್ಷದ ಸ್ಟಿಕ್ಕರ್ ನಾನೇ ಮಾಡಿಕೊಟ್ಟೆ. ತೋಟದ ಹೆಸರು, ಹಣ್ಣಿನ ಜಾತಿ, ಕೊಯ್ದ ದಿನ ಬರೆಯಲು ಒಂದು ಗೆರೆ, ಕೆಳಗೆ ದಪ್ಪ ಅಕ್ಷರದಲ್ಲಿ ಫೋನ್ ನಂಬರ್. ಯಾವ ಆ್ಯಪಿನ ಹೆಸರೂ ಇಲ್ಲ.