ಹಸಿರು ಮುಚ್ಚಳದ ಬಾಟಲ್ ಮಾತ್ರ ಕೂಗಿದ ರಾತ್ರಿ

ಜುಲೈ ತಿಂಗಳು, ಕರಾವಳಿಯಲ್ಲಿ ಮಳೆ ಹಿಡಿದರೆ ಬಿಡದ ಕಾಲ. ರೋಗಿಯ ರಕ್ತವನ್ನು ಬಾಟಲ್‌ಗೆ ಹಾಕಿ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಅಂತ ನೋಡುವುದು ನಮ್ಮ ಲ್ಯಾಬಿನ ಕೆಲಸ. ರಾತ್ರಿ ಒಂಬತ್ತೂವರೆಗೆ ಅಲ್ಲಿಂದ ಫೋನ್ ಬಂತು.

"ಮೇಡಂ, ಐಸಿಯು ಪೇಶೆಂಟ್ ಬಾಟಲ್ ಪಾಸಿಟಿವ್ ಆಗಿದೆ. ಎರಡು ಸೆಟ್‌ನಲ್ಲೂ ಹಸಿರು ಮುಚ್ಚಳದ್ದು ಮಾತ್ರ. ಕಿತ್ತಳೆದು ಎರಡೂ ಸುಮ್ನಿವೆ."

"ಯಂತ್ರಕ್ಕೆ ಇಟ್ಟು ಎಷ್ಟು ಹೊತ್ತಾಯ್ತು?"

"ನಿನ್ನೆ ಇದೇ ಹೊತ್ತಿಗೆ ಎರಡು ಗಂಟೆ ಮುಂಚೆ ಇಟ್ಟಿದ್ದು. 26 ಗಂಟೆ."

ಕೊಡೆ ತಗೊಂಡು ಹೊರಟೆ. ಸೂಕ್ಷ್ಮದರ್ಶಕ ಮುಟ್ಟುವ ಮೊದಲೇ ಆ ಎರಡು ಮಾತು ನನಗೆ ತುಂಬಾ ಹೇಳಿದ್ದವು. ಯಾಕೆ ಅಂತ ತಿಳಿಯಬೇಕಾದರೆ ಬಾಟಲ್ ಒಳಗೆ ಏನಾಗುತ್ತದೆ ಅಂತ ಗೊತ್ತಿರಬೇಕು.

ನಮ್ಮಲ್ಲಿರುವುದು ಬ್ಯಾಕ್ಟ್‌ಅಲರ್ಟ್ ಯಂತ್ರ. ಬಾಟಲ್ ಒಳಗೆ ಬ್ಯಾಕ್ಟೀರಿಯಾಕ್ಕೆ ಊಟವಾಗುವ ದ್ರವ ಇರುತ್ತದೆ. ಜೊತೆಗೆ ಸಣ್ಣ ಮಣಿಗಳು. ರೋಗಿಗೆ ಆಗಲೇ ಕೊಟ್ಟ ಆಂಟಿಬಯಾಟಿಕ್ ರಕ್ತದಲ್ಲಿದ್ದರೆ ಅದನ್ನು ಈ ಮಣಿಗಳು ಹೀರಿಕೊಳ್ಳುತ್ತವೆ. ಹಸಿರು ಮುಚ್ಚಳದ್ದು ಏರೋಬಿಕ್, ಅಂದರೆ ಆಮ್ಲಜನಕ ಇರುವುದು. ಕಿತ್ತಳೆ ಮುಚ್ಚಳದ್ದು ಅನೇರೋಬಿಕ್, ಆಮ್ಲಜನಕ ಇಲ್ಲದ್ದು. ಎರಡೂ ಸೇರಿ ಒಂದು ಸೆಟ್. ಎರಡಕ್ಕೂ ತಳದಲ್ಲಿ ಒಂದು ಬಿಲ್ಲೆ ಅಂಟಿಸಿರುತ್ತದೆ. ಬ್ಯಾಕ್ಟೀರಿಯಾ ಬೆಳೆದಂತೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಅನಿಲ ಬಿಲ್ಲೆಯೊಳಗೆ ಇಳಿದು ಆಮ್ಲ ಆಗುತ್ತದೆ, ನೀಲಿ-ಹಸಿರು ಬಣ್ಣ ಹಳದಿಗೆ ತಿರುಗುತ್ತದೆ. ಯಂತ್ರ ಹತ್ತು ನಿಮಿಷಕ್ಕೊಮ್ಮೆ ಬೆಳಕು ಬಿಟ್ಟು ಆ ಬಣ್ಣ ಓದುತ್ತದೆ. ಬಣ್ಣ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದೇ ಅದಕ್ಕೆ ಮುಖ್ಯ. ವೇಗ ಹೆಚ್ಚಿದರೆ ಕೂಗುತ್ತದೆ.

ಅಂದರೆ ಯಂತ್ರ ಬ್ಯಾಕ್ಟೀರಿಯಾವನ್ನು ನೋಡುವುದೇ ಇಲ್ಲ. ಅದರ ಉಸಿರನ್ನು ನೋಡುತ್ತದೆ. ಆ ಉಸಿರು ಕಾಣಬೇಕಾದರೆ ಒಂದು ಎಂ.ಎಲ್.ನಲ್ಲಿ ಸುಮಾರು ಒಂದು ಕೋಟಿ ಬ್ಯಾಕ್ಟೀರಿಯಾ ಆಗಬೇಕು. ಆದರೆ ರಕ್ತಕ್ಕೆ ಸೋಂಕು ಏರಿ ಸೆಪ್ಸಿಸ್ ಆದ ದೊಡ್ಡವರಲ್ಲಿ ಎಷ್ಟೋ ಸಲ ಒಂದು ಎಂ.ಎಲ್.ಗೆ ಒಂದೋ ಅದಕ್ಕಿಂತ ಕಡಿಮೆಯೋ ಇರುತ್ತದೆ.

ಹೊಸದಾಗಿ ಬಂದ ಹುಡುಗರಿಗೆ ನಾನು ಒಂದು ಲೆಕ್ಕ ಮಾಡಿಸುತ್ತೇನೆ. ಹತ್ತು ಎಂ.ಎಲ್. ರಕ್ತ ಹಾಕಿದಿರಿ, ಹತ್ತು ಬ್ಯಾಕ್ಟೀರಿಯಾ ಬಂದವು ಅಂದುಕೊಳ್ಳಿ. ದ್ರವ ಸೇರಿ ಬಾಟಲ್‌ನಲ್ಲಿ ಒಟ್ಟು 40 ಎಂ.ಎಲ್. ಇದೆ. ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು ಅಂತ 25 ಸಲ ಇಮ್ಮಡಿಯಾದರೆ ಹೆಚ್ಚುಕಡಿಮೆ ಆ ಕೋಟಿ ಮುಟ್ಟುತ್ತದೆ. ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ 25 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಅಂತಿಟ್ಟುಕೊಂಡರೆ ಹತ್ತೂವರೆ ಗಂಟೆ ಆಯಿತು. ಶುರುವಿನಲ್ಲಿ ಹೊಂದಿಕೊಳ್ಳಲು ಒಂದೆರಡು ಗಂಟೆ ಸೇರಿಸಿ. ಇ. ಕೋಲೈ ಬಾಟಲ್‌ಗಳು ಹನ್ನೆರಡು ಗಂಟೆಯ ಆಸುಪಾಸಿನಲ್ಲಿ ಕೂಗುವುದು ಇದಕ್ಕೇ.

ಈಗ ರಕ್ತ ಅರ್ಧ ಹಾಕಿದರೆ? ಐದು ಬ್ಯಾಕ್ಟೀರಿಯಾ ಬರುತ್ತವೆ. ಒಂದು ಇಮ್ಮಡಿ ಜಾಸ್ತಿ ಬೇಕು, ಬರೀ 25 ನಿಮಿಷ ತಡ. ಹುಡುಗರು "ಅಷ್ಟೇನಾ ಮೇಡಂ?" ಅನ್ನುತ್ತಾರೆ. ಅಷ್ಟೇ ಅಲ್ಲ. ರೋಗಿಯ ರಕ್ತದಲ್ಲಿ ಐದು ಎಂ.ಎಲ್.ಗೆ ಒಂದೇ ಒಂದು ಇದ್ದು ನೀವು ಮೂರು ಎಂ.ಎಲ್. ಎಳೆದರೆ ಬಾಟಲ್‌ಗೆ ಏನೂ ಬರದೇ ಇರಬಹುದು. ಸೊನ್ನೆಯನ್ನು ಎಷ್ಟು ಸಲ ಇಮ್ಮಡಿ ಮಾಡಿದರೂ ಸೊನ್ನೆಯೇ. ಐದು ದಿನ ಇಟ್ಟು "ಬೆಳವಣಿಗೆ ಇಲ್ಲ" ಅಂತ ರಿಪೋರ್ಟ್ ಕೊಡುತ್ತೇವೆ, ವಾರ್ಡಿನವರು ಅದನ್ನು ನಂಬುತ್ತಾರೆ. ಆದ್ದರಿಂದ ಪ್ರತಿ ಬಾಟಲ್‌ಗೆ 8ರಿಂದ 10 ಎಂ.ಎಲ್., ಎರಡು ಕೈಯಿಂದ ಎರಡು ಸೆಟ್ ಅಂತ ಹಟ ಹಿಡಿಯುತ್ತೇನೆ. ಬಾಟಲ್ ಒಳಗಿನ ನಿರ್ವಾತ ತಾನಾಗಿ ಹತ್ತಕ್ಕೆ ನಿಲ್ಲುವುದಿಲ್ಲ, ಎಳೆಯುತ್ತಲೇ ಇರುತ್ತದೆ. ರಕ್ತ ತೆಗೆಯುವ ಮೊದಲೇ ಪೆನ್ನಿನಲ್ಲಿ ಗೆರೆ ಹಾಕಿಕೊಳ್ಳಿ ಅಂತ ಸಿಸ್ಟರ್‌ಗಳಿಗೆ ಹೇಳಿ ಹೇಳಿ ಈಗ ಅಭ್ಯಾಸ ಆಗಿದೆ. ರಕ್ತ ವಿಪರೀತ ಜಾಸ್ತಿಯಾದರೂ ತೊಂದರೆ. ಬಿಳಿ ರಕ್ತಕಣಗಳೇ ಉಸಿರಾಡಿ ಯಂತ್ರ ಸುಳ್ಳು ಕೂಗುತ್ತದೆ.

ಆ ರಾತ್ರಿಗೆ ಬರುತ್ತೇನೆ. ರೋಗಿಗೆ ಐವತ್ತು ದಾಟಿತ್ತು. ಗದ್ದೆ ಕೆಲಸ. ಸಕ್ಕರೆ ಕಾಯಿಲೆ ಇತ್ತು, ಮಾತ್ರೆ ಸರಿಯಾಗಿ ತಗೊಳ್ಳುತ್ತಿರಲಿಲ್ಲ. ಒಂದು ವಾರದ ಜ್ವರ, ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶದಲ್ಲಿ ಕಲೆ, ಬಿಪಿ ಇಳಿದಿತ್ತು. ಸೆಫ್ಟ್ರಿಯಾಕ್ಸೋನ್ ಮತ್ತು ಅಜಿತ್ರೊಮೈಸಿನ್ ಅನ್ನುವ ಆಂಟಿಬಯಾಟಿಕ್ ನಡೆಯುತ್ತಿತ್ತು.

ನಾಲ್ಕು ಬಾಟಲ್‌ನಲ್ಲಿ ಒಂದೇ ಒಂದು ತಡವಾಗಿ ಕೂಗಿದ್ದರೆ ಚರ್ಮದ ಮೇಲಿನ ಸ್ಟ್ಯಾಫೈಲೊಕಾಕಸ್ ಸೇರಿಕೊಂಡಿತೇನೋ ಅಂತ ಅನುಮಾನ ಪಡಬಹುದಿತ್ತು. ಇಲ್ಲಿ ಬೇರೆ ಬೇರೆ ಕೈಯಿಂದ ತೆಗೆದ ಎರಡು ಸೆಟ್‌ನಲ್ಲೂ ಬಂದಿದೆ. ಇದು ರಕ್ತದಲ್ಲೇ ಇದೆ. ಇ. ಕೋಲೈ, ಕ್ಲೆಬ್ಸಿಯೆಲ್ಲಾ ಆಗಿದ್ದರೆ ಆಮ್ಲಜನಕ ಇದ್ದರೂ ಇಲ್ಲದಿದ್ದರೂ ಬೆಳೆಯುತ್ತವೆ. ಸಾಮಾನ್ಯವಾಗಿ ನಾಲ್ಕೂ ಕೂಗುತ್ತವೆ, ಅದೂ ಮೊದಲ ದಿನದ ಬೆಳಿಗ್ಗೆಯೇ. 26 ಗಂಟೆಗೆ, ಆಮ್ಲಜನಕ ಇರುವ ಬಾಟಲ್‌ನಲ್ಲಿ ಮಾತ್ರ ಬೆಳೆಯುವುದು ಯಾವುದು? ಸೂಡೋಮೊನಾಸ್ ಇರಬಹುದು. ಮಳೆಗಾಲ, ಗದ್ದೆ, ಸಕ್ಕರೆ ಕಾಯಿಲೆ ಮೂರೂ ಸೇರಿದಾಗ ಉಡುಪಿ-ಮಂಗಳೂರು ಕಡೆ ಕೆಲಸ ಮಾಡುವ ನಮ್ಮಂಥವರಿಗೆ ಇನ್ನೊಂದು ಹೆಸರೂ ತಲೆಗೆ ಬರುತ್ತದೆ. ಬರ್ಖೋಲ್ಡೇರಿಯಾ ಸೂಡೋಮ್ಯಾಲಿಯೈ. ಅದು ತರುವ ಕಾಯಿಲೆ ಮೆಲಿಯಾಯ್ಡೊಸಿಸ್. ಮಣ್ಣಿನಲ್ಲಿ, ಕೆಸರು ನೀರಿನಲ್ಲಿ ಇರುವ ಬ್ಯಾಕ್ಟೀರಿಯಾ.

"ಹೊರಗೆ ಏನೂ ತೆರೀಬೇಡ, ಕ್ಯಾಬಿನೆಟ್ ಆನ್ ಮಾಡು" ಅಂದೆ. ಸುರಕ್ಷತಾ ಕ್ಯಾಬಿನೆಟ್ ಒಳಗೆ ಬಾಟಲ್ ಮೆಲ್ಲಗೆ ತಿರುಗಿಸಿ ಬೆರೆಸಿ, ರಬ್ಬರ್ ಮುಚ್ಚಳ ಸ್ಪಿರಿಟ್‌ನಲ್ಲಿ ಒರೆಸಿ, ಒಂದು ಹನಿ ಸ್ಲೈಡಿಗೆ ಹಾಕಿದೆವು. ಉಳಿದ ಹನಿಗಳು ಬ್ಯಾಕ್ಟೀರಿಯಾ ಬೆಳೆಸುವ ಬ್ಲಡ್ ಅಗರ್, ಚಾಕೊಲೇಟ್ ಅಗರ್, ಮ್ಯಾಕ್‌ಕಾಂಕಿ ಪ್ಲೇಟ್‌ಗಳಿಗೆ. ಬ್ಲಡ್ ಅಗರ್ ಮೇಲೆ ಆಂಟಿಬಯಾಟಿಕ್ ಹೀರಿಸಿದ ಮೂರು ಡಿಸ್ಕ್ ಇಟ್ಟೆ: ಜೆಂಟಮೈಸಿನ್, ಕೊಲಿಸ್ಟಿನ್, ಅಮಾಕ್ಸಿಸಿಲಿನ್-ಕ್ಲಾವುಲನೇಟ್. ಇವು ರಿಪೋರ್ಟ್ ಕೊಡಲಿಕ್ಕಲ್ಲ, ನನಗೆ ಸುಳಿವು ಸಿಗಲಿ ಅಂತ.

ಬ್ಯಾಕ್ಟೀರಿಯಾ ಯಾವ ಗುಂಪಿನದು ಅಂತ ತಿಳಿಯಲು ಗ್ರಾಂ ಬಣ್ಣ ಹಾಕಿ ನೋಡಿದರೆ ಕೆಂಪು ಕಡ್ಡಿಗಳು, ಅಂದರೆ ಗ್ರಾಂ ನೆಗೆಟಿವ್ ಬ್ಯಾಸಿಲೈ. ಎರಡು ತುದಿಯಲ್ಲಿ ಬಣ್ಣ ಗಾಢ, ನಡುವೆ ಖಾಲಿ, ಸೇಫ್ಟಿ ಪಿನ್ ಇದ್ದ ಹಾಗೆ. ಪಠ್ಯಪುಸ್ತಕದಲ್ಲಿ ಬರೆಯುವುದು ಇದನ್ನೇ. ಆದರೆ ಇದನ್ನೇ ನಂಬಿ ಕೂರುವಂತಿಲ್ಲ, ಬೇರೆ ಗ್ರಾಂ ನೆಗೆಟಿವ್ ಕಡ್ಡಿಗಳೂ ಕೆಲವೊಮ್ಮೆ ಹೀಗೆ ಕಾಣುತ್ತವೆ.

ಹತ್ತೂಕಾಲಿಗೆ ಐಸಿಯುಗೆ ಫೋನ್ ಮಾಡಿದೆ. ಪಾಸಿಟಿವ್ ಬಂದ ಒಂದು ಗಂಟೆಯೊಳಗೆ ಗ್ರಾಂ ಫಲಿತಾಂಶ ಡಾಕ್ಟರ ಕಿವಿಗೆ ಬೀಳಬೇಕು ಅನ್ನುವುದು ನಮ್ಮ ನಿಯಮ. ಕಂಪ್ಯೂಟರಿಗೆ ಹಾಕಿ ಸುಮ್ಮನಾದರೆ ಬೆಳಗ್ಗೆವರೆಗೂ ಯಾರೂ ನೋಡುವುದಿಲ್ಲ.

"ಡಾಕ್ಟ್ರೇ, ಎರಡೂ ಸೆಟ್, ಏರೋಬಿಕ್ ಬಾಟಲ್, ಗ್ರಾಂ ನೆಗೆಟಿವ್ ಬ್ಯಾಸಿಲೈ. ಹೆಸರು ಇನ್ನೂ ಗೊತ್ತಿಲ್ಲ. ಆದರೆ ಮೆಲಿಯಾಯ್ಡೊಸಿಸ್ ಇರಬಹುದು ಅಂತ ನನಗೆ ಅನಿಸ್ತಿದೆ. ಹಾಗಿದ್ರೆ ಸೆಫ್ಟ್ರಿಯಾಕ್ಸೋನ್ ಸಾಲದು."

ಅವರು ನಾನು ಹೇಳಿದ್ದನ್ನು ತಿರುಗಿ ಹೇಳಿದರು. ರೋಗಿಯ ಹೆಸರು, ನಂಬರ್ ಸರಿ ನೋಡಿಕೊಂಡೆವು. "ಮೆರೊಪೆನೆಮ್‌ಗೆ ಬದಲಾಯಿಸ್ತೀನಿ ಮೇಡಂ" ಅಂದರು. ಔಷಧ ಯಾವುದು ಅನ್ನುವುದು ಅವರ ತೀರ್ಮಾನ. ಆದರೆ ಅನುಮಾನವನ್ನು ಬಾಯಿಬಿಟ್ಟು ಹೇಳುವುದು ನನ್ನ ಕೆಲಸ ಅಂತ ನಾನು ಕಷ್ಟಪಟ್ಟು ಕಲಿತಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೆ ಕಡೆ, ಒಂದೇ ಸೆಟ್ ಬಂದಿದ್ದ ಇಂಥದ್ದೇ ಬಾಟಲ್‌ಗೆ "ಸೂಡೋಮೊನಾಸ್ ಜಾತಿ, ಕಂಟಾಮಿನೇಶನ್ ಇರಬಹುದು" ಅಂತ ಬರೆದು ಸಹಿ ಹಾಕಿದ್ದೆ. ಆ ರೋಗಿ ಮನೆಗೆ ಹೋಗಿ, ಗುಲ್ಮದಲ್ಲಿ ಕೀವು ತುಂಬಿಕೊಂಡು ವಾಪಸ್ ಬಂದರು.

ಮರುದಿನ ಬೆಳಿಗ್ಗೆ ಪ್ಲೇಟ್ ಖಾಲಿ. ಇ. ಕೋಲೈ ಆಗಿದ್ದರೆ ಆ ಹೊತ್ತಿಗೆ ತುಂಬಿ ತುಳುಕಬೇಕಿತ್ತು. ರಾತ್ರಿಗೆ ಪುಡಿ ಉಪ್ಪು ಉದುರಿಸಿದ ಹಾಗೆ ಸಣ್ಣ ಚುಕ್ಕಿಗಳು ಕಂಡವು. ಎರಡನೇ ಬೆಳಿಗ್ಗೆ ಬೂದು ಬಿಳಿ ಕಾಲನಿಗಳು ಚೆನ್ನಾಗಿ ಬಂದಿದ್ದವು, ಆಕ್ಸಿಡೇಸ್ ಪರೀಕ್ಷೆ ಪಾಸಿಟಿವ್. ಇದಕ್ಕೆ ಮಣ್ಣಿನ ಥರ ವಾಸನೆ ಇರುತ್ತದೆ ಅನ್ನುತ್ತಾರೆ. ಹಳೇ ಕಾಲದವರು ಪ್ಲೇಟ್ ಮೂಸಿ ಗುರುತು ಹಿಡಿಯುತ್ತಿದ್ದರು. ದಯವಿಟ್ಟು ಯಾರೂ ಮೂಸಬೇಡಿ, ಇದು ಉಸಿರಿನಿಂದಲೂ ಅಂಟುತ್ತದೆ. ನಾವು ಮುಚ್ಚಳಕ್ಕೆ ಟೇಪ್ ಹಾಕಿಬಿಟ್ಟಿದ್ದೆವು.

ಗುರುತಿಸುವ ಯಂತ್ರಕ್ಕೆ ಹಾಕಿದರೆ ಅದು ಕೊಟ್ಟ ಹೆಸರು ಬರ್ಖೋಲ್ಡೇರಿಯಾ ಸೆಪೇಶಿಯಾ. ಹತ್ತಿರದ ನೆಂಟ, ಆದರೆ ಅದಲ್ಲ. ಈ ಗೊಂದಲ ಹೊಸದೇನಲ್ಲ, ಯಂತ್ರಗಳು ಇಲ್ಲಿ ಎಡವುತ್ತವೆ ಅಂತ ಈ ಕ್ಷೇತ್ರದವರಿಗೆ ಗೊತ್ತು. ನನ್ನ ಮೂರು ಡಿಸ್ಕ್ ಕೆಲಸಕ್ಕೆ ಬಂದದ್ದು ಆಗ. ಜೆಂಟಮೈಸಿನ್ ಸುತ್ತ ಬೆಳೆದಿದೆ. ಕೊಲಿಸ್ಟಿನ್ ಸುತ್ತಲೂ ಬೆಳೆದಿದೆ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸುತ್ತ ಮಾತ್ರ ಸ್ವಚ್ಛ ಬಯಲು. ಮಾಮೂಲಿ ಸೂಡೋಮೊನಾಸ್ ಆಗಿದ್ದರೆ ಕೊಲಿಸ್ಟಿನ್‌ಗೆ ಸಾಯಬೇಕಿತ್ತು, ಕ್ಲಾವುಲನೇಟ್‌ಗೆ ಜಗ್ಗಬಾರದಿತ್ತು. ಸೆಪೇಶಿಯಾ ಕೂಡ ಸಾಮಾನ್ಯವಾಗಿ ಕ್ಲಾವುಲನೇಟ್‌ಗೆ ಬಗ್ಗುವುದಿಲ್ಲ. ಸೂಡೋಮ್ಯಾಲಿಯೈಯನ್ನೇ ಗುರುತಿಸುವ ಲ್ಯಾಟೆಕ್ಸ್ ಪರೀಕ್ಷೆ ಮಾಡಿದೆವು. ಕಾಲನಿ ಬೆರೆಸಿದ ಕೂಡಲೇ ಹಾಲು ಒಡೆದಂತೆ ಗಟ್ಟಿ ಗಟ್ಟಿ ಆಯಿತು. ಕಾಲನಿಯನ್ನು ಪಿಸಿಆರ್‌ಗೂ ಕಳಿಸಿದೆ. ಆದರೆ ಅದಕ್ಕೆ ಕಾಯದೆ ಆ ಮಧ್ಯಾಹ್ನವೇ ಐಸಿಯುಗೆ ಹೆಸರು ಹೇಳಿದೆ.

ಯಾವ ಔಷಧಕ್ಕೆ ಸಾಯುತ್ತದೆ ಅನ್ನುವ ಪರೀಕ್ಷೆಯಲ್ಲಿ ಮೆರೊಪೆನೆಮ್, ಸೆಫ್ಟಾಜಿಡಿಮ್, ಕೋಟ್ರೈಮಾಕ್ಸಜೋಲ್ ಮೂರೂ ಸರಿ ಬಂದವು. ಕೋಟ್ರೈಮಾಕ್ಸಜೋಲ್ ಓದುವುದು ಕಿರಿಕಿರಿ. ವೃತ್ತದ ಒಳಗೆ ಮಂಜು ಮುಸುಕಿದ ಹಾಗೆ ಬೆಳವಣಿಗೆ ಇರುತ್ತದೆ. ಅದನ್ನು ನೋಡಿ ಕೆಲಸ ಮಾಡಲ್ಲ ಅಂತ ಬರೆದುಬಿಟ್ಟರೆ ರೋಗಿ ಒಂದು ಒಳ್ಳೆಯ ಮಾತ್ರೆ ಕಳೆದುಕೊಳ್ಳುತ್ತಾನೆ. ಮಂಜು ಬಿಟ್ಟು, ದಟ್ಟವಾಗಿ ಬೆಳೆದಿರುವ ಅಂಚಿನಿಂದ ಅಳೆದೆ. ಇದು ಮುಖ್ಯ, ಯಾಕೆಂದರೆ ಈ ಕಾಯಿಲೆಗೆ ಕನಿಷ್ಠ ಹತ್ತು-ಹದಿನಾಲ್ಕು ದಿನ ಇಂಜೆಕ್ಷನ್ ಆದ ಮೇಲೆ ಸುಮಾರು ಮೂರು ತಿಂಗಳು ಈ ಮಾತ್ರೆಯೇ ನಡೆಯಬೇಕು. ಇಲ್ಲವಾದರೆ ತಿರುಗಿ ಬರುತ್ತದೆ.

ನಾಲ್ಕನೇ ದಿನ ಹಳೇ ಪ್ಲೇಟ್ ನೋಡಿದೆ. ಕಾಲನಿಗಳು ಒಣಗಿ, ನೆರಿಗೆ ಹಿಡಿದು ಬತ್ತಿದ ನೆಲ್ಲಿಕಾಯಿ ಥರ ಆಗಿದ್ದವು. ಈ ರೂಪ ನೋಡಿದರೆ ಯಾರಾದರೂ ಹೇಳುತ್ತಾರೆ. ಆದರೆ ಅಲ್ಲಿವರೆಗೆ ಕಾಯುವ ಹಾಗಿರಲಿಲ್ಲ, ಅಲ್ವಾ?

ಒಂದು ವಾರದ ಮೇಲೆ ಮತ್ತೆ ಎರಡು ಸೆಟ್ ತೆಗೆಸಿದೆವು. ಗೆರೆಯವರೆಗೂ ರಕ್ತ ಇತ್ತು. ಐದು ದಿನ ಯಂತ್ರ ಕೂಗಲಿಲ್ಲ. ಹೊರತೆಗೆದು ತಳ ನೋಡಿದೆ. ನಾಲ್ಕೂ ಬಿಲ್ಲೆ ನೀಲಿ-ಹಸಿರಾಗಿಯೇ ಇದ್ದವು. ರಿಪೋರ್ಟ್‌ಗೆ ಸಹಿ ಹಾಕಿ, ಬಾಟಲ್‌ಗಳನ್ನು ಆಟೋಕ್ಲೇವ್‌ಗೆ ಕಳಿಸಿದೆ.