ದುಬೈ ಬೇಸಿಗೆಯಲ್ಲಿ ಇಂಟರ್‌ವ್ಯೂಗೆ ಹೊರಡುವಾಗ: ನಮ್ಮ ಉತ್ತರ ಕನ್ನಡದವರಿಗೆ

ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ಹೊಸದಾಗಿ ಬಂದವರು "ನಮಗೆ ಬೆವರೇನು ಹೊಸದಾ?" ಎಂದು ಕೇಳುತ್ತಾರೆ. ಸೆಕೆ ನಮಗೆ ಹೊಸದಲ್ಲ, ನಿಜ. ಆದರೆ ಇಲ್ಲಿ ಜುಲೈನಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟಿರುತ್ತದೆ, ಒಳಗೆ ಎಸಿಯ ಚಳಿ. ಒದ್ದೆಯಾದ ಅಂಗಿಯಲ್ಲಿ ಒಳಗೆ ಕೂತರೆ ಐದೇ ನಿಮಿಷದಲ್ಲಿ ಮೈ ನಡುಗುತ್ತದೆ. ಶಿರಸಿ, ಸಿದ್ದಾಪುರದ ತಂಪಿನಿಂದ ಬಂದವರಿಗಂತೂ ಇದು ಇನ್ನೂ ಕಷ್ಟ. ಹಾಗಾಗಿ ಬೆವರು ಆರಲು ಬೇಕಾದ ಹೊತ್ತನ್ನೂ ಪ್ರಯಾಣದ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಒಂದು ಉದಾಹರಣೆ ನೋಡೋಣ. ನಿಮ್ಮ ರೂಮು ಅಲ್ ಕುಸೈಸ್‌ನಲ್ಲಿ, ಸ್ಟೇಡಿಯಂ ಮೆಟ್ರೋ ಸ್ಟೇಷನ್ನಿನ ಹತ್ತಿರ. ಇಂಟರ್‌ವ್ಯೂ ಬೆಳಿಗ್ಗೆ 10ಕ್ಕೆ, ಜುಮೇರಾ ಲೇಕ್ಸ್ ಟವರ್ಸ್‌ನಲ್ಲಿ. ಅದನ್ನು ಎಲ್ಲರೂ ಜೆಎಲ್‌ಟಿ ಎನ್ನುತ್ತಾರೆ. ಊರಿನ ಆ ತುದಿಯಿಂದ ಈ ತುದಿಗೆ ಹೋದ ಹಾಗೆ. ಗ್ರೀನ್ ಲೈನ್ ಹಿಡಿದು ಯೂನಿಯನ್‌ನಲ್ಲಿ ಇಳಿಯಬೇಕು, ಅಲ್ಲಿಂದ ರೆಡ್ ಲೈನಿನಲ್ಲಿ ಡಿಎಂಸಿಸಿ ಸ್ಟೇಷನ್. ಗಾಡಿ ಬದಲಿಸುವುದೂ ಸೇರಿ ಸುಮಾರು ಒಂದೂಕಾಲು ಗಂಟೆಯಿಂದ ಒಂದೂವರೆ ಗಂಟೆ ಎಂದು ಹಿಡಿಯಿರಿ. ರೆಡ್ ಲೈನ್ ಮುಂದೆ ಎರಡಾಗಿ ಒಡೆಯುತ್ತದೆ, ಆದರೆ ಡಿಎಂಸಿಸಿ ಅದಕ್ಕಿಂತ ಮೊದಲೇ ಬರುವುದರಿಂದ ಆ ದಿಕ್ಕಿನ ಯಾವ ಗಾಡಿ ಹತ್ತಿದರೂ ಸರಿ.

ಬೆಳಿಗ್ಗೆ ಯೂನಿಯನ್‌ಗೆ ಬರುವ ಗಾಡಿ ಮೊದಲೇ ತುಂಬಿರುತ್ತದೆ. ಒಂದೆರಡನ್ನು ಬಿಡಬೇಕಾಗಬಹುದು. ಅದಕ್ಕೇ 7:30ರೊಳಗೆ ಸ್ಟೇಡಿಯಂನಲ್ಲಿ ಗಾಡಿ ಹತ್ತಿ. ಎಲ್ಲ ಸರಿಯಾದರೆ 9ರ ಹೊತ್ತಿಗೆ ಡಿಎಂಸಿಸಿ. ಮೆಟ್ರೋ ಟಿಕೆಟ್ಟಿನ ಬದಲು ಬಳಸುವ ನೋಲ್ ಕಾರ್ಡಿಗೆ ಹಿಂದಿನ ರಾತ್ರಿಯೇ ಹೋಗಿಬರುವಷ್ಟು ಹಣ ತುಂಬಿಸಿಡಿ. ಬೆಳಿಗ್ಗೆ ಹಣ ತುಂಬಿಸುವ ಮಷೀನಿನ ಮುಂದೆ ಸಾಲು ನಿಲ್ಲುವುದು ಬೇಡ. ನೀರನ್ನು ಸ್ಟೇಷನ್ನಿಗೆ ಹೋಗುವ ಮೊದಲೇ ಕುಡಿಯಿರಿ, ಮೆಟ್ರೋದೊಳಗೆ ತಿನ್ನುವುದು, ಕುಡಿಯುವುದು ಎರಡಕ್ಕೂ ದಂಡ. ಹೆಂಗಸರು, ಮಕ್ಕಳಿಗೆಂದು ಗುರುತು ಹಾಕಿದ ಜಾಗಕ್ಕೆ ಗಂಡಸರು ಅವಸರದಲ್ಲಿ ನುಗ್ಗಬೇಡಿ. ಅದಕ್ಕೂ ದಂಡವಿದೆ.

ಹೆಚ್ಚಿನವರು ತಡಮಾಡಿಕೊಳ್ಳುವುದು ಮೆಟ್ರೋದಲ್ಲಿ ಅಲ್ಲ, ಇಳಿದ ಮೇಲೆ. ಡಿಎಂಸಿಸಿಯ ಒಂದು ಕಡೆ ಜೆಎಲ್‌ಟಿ, ಹೆದ್ದಾರಿಯ ಆಚೆ ಮರೀನಾ. ತಪ್ಪು ಬದಿಗೆ ಇಳಿದರೆ ಸೇತುವೆ ಹತ್ತಿ ಪುನಃ ವಾಪಸ್ ಬರಬೇಕು. ಜೆಎಲ್‌ಟಿಯ ಕಟ್ಟಡಗಳು ಇಂಗ್ಲಿಷ್ ಅಕ್ಷರದ ಕ್ಲಸ್ಟರ್‌ಗಳಲ್ಲಿವೆ, ಒಂದೊಂದರಲ್ಲೂ ಮೂರು ಟವರ್. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಹಾಗಾಗಿ ಎಚ್‌ಆರ್‌ನವರಿಂದ ಕ್ಲಸ್ಟರ್ ಅಕ್ಷರ, ಟವರ್ ಹೆಸರು, ಮಹಡಿ ಜೊತೆಗೆ ಮಕಾನಿ ನಂಬರನ್ನೂ ಕೇಳಿಕೊಳ್ಳಿ. ದುಬೈನ ಕಟ್ಟಡಗಳ ಬಾಗಿಲಿಗೆ ಕೊಟ್ಟಿರುವ ಹತ್ತು ಅಂಕಿಯ ನಂಬರು ಅದು. ಮ್ಯಾಪಿನಲ್ಲಿ ಟವರ್ ಹೆಸರು ಹಾಕಿದರೆ ಕೆಲವೊಮ್ಮೆ ಪಾರ್ಕಿಂಗ್ ಗೇಟಿಗೆ ಒಯ್ದು ಬಿಡುತ್ತದೆ, ಮಕಾನಿ ಸರಿಯಾದ ಬಾಗಿಲು ತೋರಿಸುತ್ತದೆ.

9:15ರ ಹೊತ್ತಿಗೆ ಕಟ್ಟಡ ಕಣ್ಣಿಗೆ ಬಿದ್ದರೂ ಒಳಗೆ ಹೋಗಬೇಡಿ. ಹತ್ತಿರದ ಕೆಫೆಯಲ್ಲಿ ಒಂದು ಚಹಾ ತೆಗೆದುಕೊಂಡು ಇಪ್ಪತ್ತು ನಿಮಿಷ ಕೂರಿ. ಮುಖ ತೊಳೆದು, ಕುತ್ತಿಗೆ ಒರೆಸಿಕೊಳ್ಳಿ. ಬೆವರು ಪೂರ್ತಿ ಆರಿದ ಮೇಲೆ ಕೋಟು ಹಾಕಿಕೊಳ್ಳಿ. ಒದ್ದೆ ಅಂಗಿಯ ಮೇಲೆ ಹಾಕಿದರೆ ಅದು ಆರುವುದೇ ಇಲ್ಲ. 9:35ಕ್ಕೆ ಲಾಬಿಗೆ ಹೋಗಿ. ಸೆಕ್ಯೂರಿಟಿಯವರು ಎಮಿರೇಟ್ಸ್ ಐಡಿ ಅಥವಾ ಪಾಸ್‌ಪೋರ್ಟ್ ಕೇಳಬಹುದು, ಲಿಫ್ಟಿಗೂ ಕಾಯಬೇಕಾಗಬಹುದು. 9:50ಕ್ಕೆ ರಿಸೆಪ್ಷನ್ ಮುಂದೆ ಇದ್ದರೆ ಸಾಕು. ಅರ್ಧ ಗಂಟೆ ಮೊದಲೇ ಹೋಗಿ ಕೂತರೆ ಅವರಿಗೂ ಮುಜುಗರ.

ಬಟ್ಟೆಯ ವಿಷಯದಲ್ಲಿ ನನ್ನ ಮಾತು ಕೇಳಿ: ತಿಳಿ ನೀಲಿ ಮತ್ತು ಬೂದು ಬಣ್ಣದ ಅಂಗಿ ಬೇಡ. ಬೆವರಿನ ಕಲೆ ಎದ್ದು ಕಾಣುವುದು ಅವುಗಳಲ್ಲೇ. ಬಿಳಿ ಅಥವಾ ಗಾಢ ನೀಲಿ ಒಳ್ಳೆಯದು. ಹತ್ತಿಯದೇ ಇರಲಿ, ಪಾಲಿಸ್ಟರ್ ಬೆವರನ್ನು ಹೀರುವುದಿಲ್ಲ, ವಾಸನೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒಳಗೊಂದು ಹತ್ತಿ ಬನಿಯನ್ ಹಾಕಿದರೆ ಬೆವರು ಮೊದಲು ಅದಕ್ಕೆ ಹೋಗುತ್ತದೆ. ಸೆಕೆಗೆ ಇನ್ನೊಂದು ಪದರ ಯಾಕೆ ಅನ್ನಿಸಬಹುದು, ಆದರೆ ಅಂಗಿ ಉಳಿಸುವುದು ಅದೇ. ಹೆಣ್ಣುಮಕ್ಕಳಿಗೆ ಭುಜ, ಮೊಣಕಾಲು ಮುಚ್ಚುವ ಸಡಿಲ ಹತ್ತಿ ಬಟ್ಟೆ, ಮೇಲೊಂದು ತೆಳು ಬ್ಲೇಜರ್ ಸರಿಹೋಗುತ್ತದೆ. ಸೆಂಟು ಸ್ವಲ್ಪವೇ ಸಾಕು, ಇಂಟರ್‌ವ್ಯೂ ರೂಮು ಚಿಕ್ಕದಿರುತ್ತದೆ.

ಶಾರ್ಜಾದಲ್ಲಿ ಇರುವವರಿಗೆ ಈ ಲೆಕ್ಕ ಸಾಲದು. ಬೆಳಿಗ್ಗೆ ಅಲ್ ಇತ್ತಿಹಾದ್ ರಸ್ತೆಯಲ್ಲಿ ಟ್ಯಾಕ್ಸಿ, ಬಸ್ಸು ಎರಡೂ ಒಂದೇ ಟ್ರಾಫಿಕ್‌ನಲ್ಲಿ ಸಿಕ್ಕಿಬೀಳುತ್ತವೆ. ಹಿಂದಿನ ರಾತ್ರಿ ದುಬೈನಲ್ಲಿರುವ ಊರಿನವರ ರೂಮಿಗೆ ಬಂದು ಮಲಗಿ, ಸಂಕೋಚ ಬೇಡ. ಹೊತ್ತು ಆರಿಸಲು ಅವಕಾಶ ಕೊಟ್ಟರೆ ಬೆಳಿಗ್ಗೆಯನ್ನೇ ಕೇಳಿ. ಶುಕ್ರವಾರ ಮಧ್ಯಾಹ್ನ ಮಾತ್ರ ಬೇಡ, ಪ್ರಾರ್ಥನೆಯ ಹೊತ್ತಿಗೆ ಎಷ್ಟೋ ಆಫೀಸು ಖಾಲಿಯಾಗಿರುತ್ತವೆ.