ವೀಲ್ ಕಪ್ ಉದುರುವುದು ನಿಂತಿದ್ದು ಹೇಗೆ: ನನ್ನ ಅನುಭವ

ಬಳ್ಳಾರಿಯಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ಹದಿನಾಲ್ಕು ಇಂಚಿನ ಕಬ್ಬಿಣದ ರಿಮ್ಮು, ಮೇಲೆ ಪ್ಲಾಸ್ಟಿಕ್ ವೀಲ್ ಕಪ್ಪು. ಎರಡು ವರ್ಷದಲ್ಲಿ ಏಳು ಕಪ್ಪು ಕಳೆದುಕೊಂಡೆ. ಬಿಡಿಯಾಗಿ ಒಂದೇ ಕೊಡಿ ಅಂದರೆ ಅಂಗಡಿಯವರು ಕೊಡುವುದಿಲ್ಲ. ಸೆಟ್ಟು ಎಂಟುನೂರು, ಒಮ್ಮೆ ಸಾವಿರದ ಹತ್ತಿರ. ಒಟ್ಟು ಮೂರೂವರೆ ಸಾವಿರ ಹೋಗಿರಬೇಕು. ಸ್ಟ್ಯಾಂಡಿನಲ್ಲಿ ಎಲ್ಲರದ್ದೂ ಒಂದೇ ಮಾತು: "ಅಣ್ಣ, ಅದು ನಿಲ್ಲಲ್ಲ, ಬಿಚ್ಚಿ ಡಿಕ್ಕಿಗೆ ಹಾಕು." ಈಗ ಹದಿನಾಲ್ಕು ತಿಂಗಳಾಯಿತು, ಒಂದೂ ಬಿದ್ದಿಲ್ಲ.

ಮೊದಲು ಮಾಡಿದ ತಪ್ಪುಗಳನ್ನೇ ಹೇಳುತ್ತೇನೆ. ಹಳೇ ಟ್ಯೂಬು ಕತ್ತರಿಸಿ, ಕಪ್ಪಿನ ಹಿಂದೆ ರಿಮ್ಮಿಗೆ ಕಚ್ಚುವ ಲಾಕಿನ ಕಾಲುಗಳಿಗೆ ಪಟ್ಟಿ ಸುತ್ತಿದೆ. ಕೈಗೆ ಬಿಗಿಯಾಗಿ ಸಿಕ್ಕಿತು, ಖುಷಿಯಾಯಿತು. ತೋರಣಗಲ್ಲು ದಾಟುವಷ್ಟರಲ್ಲಿ ಹಿಂದಿನ ಎಡಗಡೆಯದು ಹಾರಿಹೋಯಿತು. ಪಟ್ಟಿ ದಪ್ಪವಾಗಿ ಕಾಲು ರಿಮ್ಮಿನ ಅಂಚಿನ ಹಿಂದಕ್ಕೆ ಹೋಗಿಯೇ ಇರಲಿಲ್ಲ, ಮೇಲೆ ಕೂತಿತ್ತಷ್ಟೇ. ಆಮೇಲೆ ಸಿಲಿಕೋನ್ ಅಂಟು ಹಾಕಿದೆ. ಅದು ನಿಂತಿತು. ಆದರೆ ಪಂಚರ್ ಆದ ದಿನ ಹುಡುಗ ಲಿವರ್ ಹಾಕಿ ಎಬ್ಬಿಸಿದಾಗ ಕಪ್ಪು ಎರಡು ತುಂಡಾಯಿತು.

ಹಿಂದಿನ ಎಡಗಡೆಯದೇ ಯಾಕೆ ಪದೇಪದೇ ಬೀಳುತ್ತದೆ ಅಂತ ಒಂದು ಭಾನುವಾರ ಚಕ್ರ ಬಿಚ್ಚಿ ಕೂತೆ. ಕಾಲುಗಳು ಕಚ್ಚಿದ ಜಾಗದಲ್ಲಿ ರಿಮ್ಮಿನ ಮೇಲೆ ಹೊಳೆಯುವ ಗೀರು ಬಿದ್ದಿರುತ್ತದೆ. ಬೇರೆ ಚಕ್ರಗಳಲ್ಲಿ ಸುತ್ತಲೂ ಗೀರಿತ್ತು, ಇದರಲ್ಲಿ ಅರ್ಧ ಭಾಗಕ್ಕೆ ಮಾತ್ರ. ಗೀರಿಲ್ಲದ ಕಡೆ ಎರಡು ದೋಷ ಕಂಡವು. ಒಂದು, ಬ್ಯಾಲೆನ್ಸಿಂಗ್ ಮಾಡಿದವರು ಹೊರ ಅಂಚಿಗೆ ಹೊಡೆದಿದ್ದ ತೂಕದ ಕ್ಲಿಪ್ಪು ಕಪ್ಪನ್ನು ಆ ಕಡೆ ಎತ್ತಿ ಹಿಡಿದಿತ್ತು. ಎರಡು, ಯಾವುದೋ ಗುಂಡಿಗೆ ಬಿದ್ದು ಅಂಚು ನಾಲ್ಕು ಬೆರಳಿನಗಲ ಜಾಗದಲ್ಲಿ ಒಳಕ್ಕೆ ಬಾಗಿತ್ತು. ಕಬ್ಬಿಣದ ರಿಮ್ಮು ಭಾರ ಬಿದ್ದಾಗ ಪ್ರತಿ ಸುತ್ತಿಗೂ ಒಂಚೂರು ಅಗಲಿ ಕೂಡುತ್ತದೆ. ಅರ್ಧ ಕಾಲು ಮಾತ್ರ ಕಚ್ಚಿದ ಕಪ್ಪು ಆ ಅಲುಗಾಟಕ್ಕೆ ಮೆಲ್ಲಗೆ ಹೊರಗೆ ನಡೆಯುತ್ತದೆ.

ಅದು ತಿರುಗುತ್ತದೆ ಕೂಡ. ನಂಬದವರಿಗೆ ಚಾಕ್‌ಪೀಸ್ ಪರೀಕ್ಷೆ ತೋರಿಸಿದೆ. ಕಪ್ಪಿನಿಂದ ರಿಮ್ಮಿಗೆ ಒಂದೇ ಗೆರೆ ಎಳೆದು ಹೊಸಪೇಟೆಗೆ ಹೋಗಿ ಬಂದೆ. ಕೆಟ್ಟ ಚಕ್ರದಲ್ಲಿ ಗೆರೆ ಎರಡು ಬೆರಳು ಸರಿದಿತ್ತು. ಹೀಗೆ ಸರಿಯುತ್ತ ಬಂದ ಕಪ್ಪಿನ ಅಂಚು ವಾಲ್ವಿನ ರಬ್ಬರನ್ನು ಕೊಯ್ಯುತ್ತದೆ. ನನ್ನದರಲ್ಲಿ ಆಗಲೇ ಗುರುತು ಬಿದ್ದಿತ್ತು, ಗಾಳಿ ಯಾಕೆ ಇಳಿಯುತ್ತಿತ್ತು ಅಂತ ಅವತ್ತು ಗೊತ್ತಾಯಿತು.

ಬಾಗಿದ ಅಂಚನ್ನು ಟೈರು ಬಿಚ್ಚಿಸಿ, ಸುತ್ತಿಗೆಯಿಂದ ಸಣ್ಣ ಸಣ್ಣ ಏಟಿನಲ್ಲಿ ಸರಿಮಾಡಿಸಿದೆ. ಬಿರುಕು ಕಂಡಿದ್ದರೆ ರಿಮ್ಮನ್ನೇ ಬಿಸಾಡುತ್ತಿದ್ದೆ. ತೂಕವನ್ನು ಹೊರ ಅಂಚಿನಿಂದ ತೆಗೆಸಿ ಒಳಗಡೆ ಅಂಟಿಸುವ ಬಗೆಯದು ಹಾಕಿಸಿದೆ. ಬ್ಯಾಲೆನ್ಸಿಂಗ್ ಮತ್ತೆ ಮಾಡಿಸಲೇಬೇಕು, ಇಲ್ಲದಿದ್ದರೆ ಗಾಡಿ ನಡುಗುತ್ತದೆ. ರಿಮ್ಮಿನ ಅಂಚಿನ ಒಳಗೆ ಗಟ್ಟಿಯಾಗಿ ಕೂತಿದ್ದ ಕೆಂಪು ಅದಿರು ಧೂಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದೆ. ನಮ್ಮ ಕಡೆ ಈ ಕೆಲಸ ಮಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಇನ್ನು ಕಪ್ಪಿನ ಹಿಂಭಾಗದ ತಂತಿ ರಿಂಗು. ಕಾಲುಗಳನ್ನು ಹೊರಕ್ಕೆ ಒತ್ತುವುದೇ ಅದು. ಎರಡು ಮೂರು ಸಲ ಬಿಚ್ಚಿ ಹಾಕಿದರೆ ಕಾಲಿನ ಕೊಕ್ಕೆಯಿಂದ ಜಾರಿರುತ್ತದೆ, ಇಲ್ಲ ಕುಗ್ಗಿರುತ್ತದೆ. ಪ್ರತಿ ಕಾಲಿನಲ್ಲೂ ಕೂತಿದೆಯಾ ಅಂತ ಬೆರಳಿನಿಂದ ಮುಟ್ಟಿ ನೋಡಬೇಕು. ಕುಗ್ಗಿದ್ದನ್ನು ಬಗ್ಗಿಸಿ ಅಗಲ ಮಾಡಬಹುದು. ಎಲ್ಲಿ ಬಗ್ಗಿಸುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ಸ್ಟ್ಯಾಂಡಿಗೆ ಬಂದವರಿಗೆ ಕೈಯಲ್ಲಿ ಹಿಡಿದು ತೋರಿಸಿದ್ದೇನೆ.

ಕೂರಿಸುವಾಗ ಮೊದಲು ರಿಂಗಿನ ಬಾಗು ಮತ್ತು ಕಪ್ಪಿನ ಖಾಲಿ ಜಾಗ ವಾಲ್ವಿಗೆ ಸರಿಯಾಗಿ ಬರಲಿ. ಆ ಕಡೆ ಒತ್ತಿ, ಆಮೇಲೆ ಎದುರು ಬದಿಗೆ, ಹೀಗೆ ಎದುರುಬದುರು ಅಂಗೈಯಿಂದ ಗುದ್ದುತ್ತ ಹೋಗುತ್ತೇನೆ. ನಡುವೆ ಯಾವತ್ತೂ ಗುದ್ದುವುದಿಲ್ಲ, ಕಾಲು ಮುರಿಯುವುದು ಅಲ್ಲೇ. ಡಿಸೆಂಬರಿನ ಬೆಳಗ್ಗೆ ಆದರೆ ಕಪ್ಪನ್ನು ಹತ್ತು ನಿಮಿಷ ಬಿಸಿಲಿಗಿಟ್ಟು ಹಾಕುತ್ತೇನೆ. ಸರಿಯಾಗಿ ಕೂತರೆ ಸುತ್ತಲೂ ಸಂದು ಒಂದೇ ಸಮ ಇರುತ್ತದೆ, ಅಂಚು ಹಿಡಿದು ಎಳೆದರೆ ಚಕ್ರವೇ ಅಲುಗಬೇಕು.

ಕೊನೆಗೆ ಎದುರುಬದುರಿನ ಎರಡು ಕಡೆ ಕಪ್ಪು ಬಣ್ಣದ ಕೇಬಲ್ ಟ್ಯಾಗ್, ರಿಮ್ಮಿನ ತೂತಿನ ಮೂಲಕ. ತೂತಿನ ಅಂಚು ಚೂಪಾಗಿರುತ್ತದೆ, ಅರದಿಂದ ಉಜ್ಜದೆ ಹಾಕಿದ ನನ್ನ ಮೊದಲ ನಾಲ್ಕೂ ಟ್ಯಾಗ್ ವಾರದಲ್ಲಿ ಕತ್ತರಿಸಿಹೋದವು. ಬಿಳೀ ಟ್ಯಾಗ್ ನಮ್ಮ ಬಿಸಿಲಿಗೆ ಬೇಗ ಸೀಳುತ್ತದೆ. ಬಾಲವನ್ನು ಬುಡಕ್ಕೇ ಕತ್ತರಿಸಿ, ಚಕ್ರ ಕೈಯಿಂದ ಒಂದು ಸುತ್ತು ತಿರುಗಿಸಿ ಒಳಗೆ ಬ್ರೇಕಿಗೆ ತಾಗುವುದಿಲ್ಲ ಅಂತ ನೋಡಿಕೊಳ್ಳಬೇಕು. ಸಡಿಲ ಕಪ್ಪನ್ನು ಟ್ಯಾಗ್ ಬಿಗಿ ಮಾಡುವುದಿಲ್ಲ, ಕಳೆದುಹೋಗದಂತೆ ಹಿಡಿದಿರುತ್ತದೆ ಅಷ್ಟೇ. ಟ್ಯಾಗ್ ಕತ್ತರಿಸದೆ ಕಪ್ಪು ಬಿಚ್ಚಲಾಗುವುದಿಲ್ಲ, ಅದಕ್ಕೇ ಡ್ಯಾಶ್‌ಬೋರ್ಡಿನಲ್ಲಿ ಒಂದು ಕಟಿಂಗ್ ಪ್ಲೇಯರ್ ಮತ್ತು ಎಂಟು ಟ್ಯಾಗ್ ಯಾವಾಗಲೂ ಇರುತ್ತವೆ. ಪಂಚರ್ ಅಂಗಡಿ ಹುಡುಗ ಲಿವರ್ ಎತ್ತುವ ಮೊದಲೇ ನಾನು ಇಳಿದು ಟ್ಯಾಗ್ ಕತ್ತರಿಸುತ್ತೇನೆ.